ಫ್ರಿಜ್ ಕಂಪನಿ ಮೇಲೆ ದೂರು ಬರೆಯಬೇಕು, ಆದರೆ ಯಾವತ್ತು ಯಾರು ಏನು ಹೇಳಿದರು ಅನ್ನೋದೇ ನನ್ನ ಹತ್ತಿರ ಸರಿಯಾಗಿ ಇಲ್ಲ

ಅಪ್ಪನಕೆರೆ ದಂಡೆ · 18 ಏಪ್ರಿಲ್ 2025, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಹೋದ ವರ್ಷ ಏಪ್ರಿಲ್ 14ಕ್ಕೆ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ಫ್ರಿಜ್ ತಗೊಂಡೆವು. 27,500 ರೂಪಾಯಿ. ಒಂದು ವರ್ಷ ಪೂರ್ತಿ ವಾರಂಟಿ, ಕಂಪ್ರೆಸರ್‌ಗೆ ಮಾತ್ರ ಹತ್ತು ವರ್ಷ.

ಮಾರ್ಚ್ ತಿಂಗಳಲ್ಲಿ ತಣ್ಣಗಾಗುವುದು ನಿಂತುಹೋಯಿತು. ಅವತ್ತಿನಿಂದ ಎಷ್ಟು ಸಲ ಫೋನ್ ಮಾಡಿದೆ ಅಂತ ನನಗೇ ಲೆಕ್ಕ ಸಿಗುತ್ತಿಲ್ಲ. ಒಬ್ಬರು ಬಂದು ನೋಡಿ ಗ್ಯಾಸ್ ಲೀಕ್ ಅಂದರು, ಸಾಮಾನು ತರಿಸಬೇಕು, ಯುಗಾದಿ ಆದಮೇಲೆ ಹಾಕಿಕೊಡ್ತೀವಿ ಅಂದರು. ಯುಗಾದಿ ಆಯಿತು, ಹೋಯಿತು. ಮೊನ್ನೆ 16ಕ್ಕೆ ಬೇರೆ ಹುಡುಗ ಬಂದ. ನಿಮ್ಮ ವಾರಂಟಿ 13ಕ್ಕೇ ಮುಗಿದಿದೆ, 6,200 ಕೊಟ್ಟರೆ ಮಾಡ್ತೀನಿ ಅಂದ. ನಾನು ಹೇಳಿದ್ದು ಮಾರ್ಚ್‌ನಲ್ಲಿ ಕಣಪ್ಪಾ ಅಂದರೆ, ನನ್ನ ಮೊಬೈಲಲ್ಲಿ 15ಕ್ಕೆ ಬಂದ ಕಂಪ್ಲೇಂಟ್ ಒಂದೇ ಕಾಣ್ತಿದೆ ಅಂತ ತೋರಿಸಿದ.

ಅಪ್ಪಾಜಿ ಇನ್ಸುಲಿನ್ ಅದರೊಳಗೇ ಇತ್ತು. ಈ ಬಿಸಿಲಲ್ಲಿ ಅದೂ ಹಾಳಾಯಿತು. ನಾನು ಎರಡು ಪುಟ ದೂರು ಬರೆದು ಇಟ್ಟಿದ್ದೇನೆ, ನಾಳೆ ಗ್ರಾಹಕರ ಆಯೋಗಕ್ಕೆ ಕೊಡಬೇಕು ಅಂತಿದ್ದೇನೆ. ಅದರಲ್ಲಿ "ಅನೇಕ ಬಾರಿ ಕರೆ ಮಾಡಿದರೂ ಸ್ಪಂದಿಸಲಿಲ್ಲ" ಅಂತ ಬರೆದಿದ್ದೇನೆ. ಇಷ್ಟು ಸಾಕಾ? ಯಾರಿಗಾದರೂ ಅನುಭವ ಇದ್ದರೆ ಹೇಳಿ.

ಯಾದಗಿರಿ ಪ್ಯಾಸೆಂಜರ್ · 18 ಏಪ್ರಿಲ್, ರಾತ್ರಿ 9.32

ಅಕ್ಕಾ, ಸ್ಟೆಬಿಲೈಸರ್ ಹಾಕಿದ್ದೀರಾ? ನಮ್ಮ ಕಡೆ ವೋಲ್ಟೇಜ್ ಏರಿಳಿತ ಜಾಸ್ತಿ. ನಮ್ಮದೂ ಹಾಗೇ ಹೋಗಿತ್ತು. ಮೊದಲು ಒಂದು ಒಳ್ಳೇ ಸ್ಟೆಬಿಲೈಸರ್ ತಗೊಳ್ಳಿ.

ಅಪ್ಪನಕೆರೆ ದಂಡೆ · 18 ಏಪ್ರಿಲ್, ರಾತ್ರಿ 9.40

ಹಾಕಿದ್ದೇವೆ ಅಣ್ಣ, ಮೊದಲ ದಿನದಿಂದಲೂ ಇದೆ. ನಾನು ಕೇಳಿದ್ದು ರಿಪೇರಿ ಬಗ್ಗೆ ಅಲ್ಲ, ದೂರು ಬರೆಯುವ ಬಗ್ಗೆ.

ಹಳೇ ಗುಮಾಸ್ತ · 18 ಏಪ್ರಿಲ್, ರಾತ್ರಿ 10.25

ತಂಗೀ, ನಾಳೆ ಕೊಡಬೇಡಮ್ಮ. ನಾಲ್ಕು ದಿನ ತಡೆ. ನಾನು ಇಲ್ಲೇ ಕಲಬುರಗಿಯಲ್ಲಿ ವಕೀಲರ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ಇದ್ದವ. ಗ್ರಾಹಕರ ಕೇಸಿನ ಕಾಗದಗಳನ್ನು ಜೋಡಿಸುವುದೇ ನನ್ನ ಕೆಲಸ ಆಗಿತ್ತು. "ಅನೇಕ ಬಾರಿ ಕರೆ ಮಾಡಿದೆ" ಅನ್ನುವ ಸಾಲು ಇಲ್ಲದ ದೂರನ್ನು ನಾನು ನೋಡೇ ಇಲ್ಲ, ಮತ್ತು ಅದರಿಂದ ಯಾರಿಗೂ ಏನೂ ಸಿಕ್ಕಿದ್ದನ್ನೂ ನೋಡಿಲ್ಲ. ಅದಕ್ಕೆ ಕಂಪನಿ ಕೊಡುವ ಉತ್ತರ ಒಂದೇ: ನಮ್ಮ ದಾಖಲೆಯಲ್ಲಿ ಇಂಥ ತಾರೀಖಿನ ಒಂದೇ ದೂರು ಇದೆ, ಅಷ್ಟರಲ್ಲಿ ವಾರಂಟಿ ಮುಗಿದಿತ್ತು. ಅವರ ಹತ್ತಿರ ತಾರೀಖು ಇದೆ, ನಿನ್ನ ಹತ್ತಿರ ಸಿಟ್ಟು ಮಾತ್ರ ಇದೆ. ಹಾಗಾಗಬಾರದು.

ನಿನ್ನ ಕೇಸೆಲ್ಲ ನಿಂತಿರುವುದು ಒಂದೇ ಪ್ರಶ್ನೆ ಮೇಲೆ. ಮೊದಲ ಫೋನ್ ಏಪ್ರಿಲ್ 13ಕ್ಕಿಂತ ಮುಂಚೆ ಮಾಡಿದ್ದೆಯಾ ಇಲ್ಲವಾ? ಮುಂಚೆ ಮಾಡಿದ್ದು ಗೊತ್ತಾಗುವಂತೆ ತೋರಿಸಿದರೆ ಉಳಿದ ಮಾತು ಸಲೀಸು. ಅದಕ್ಕೆ ದೂರಿನ ಹಾಳೆ ಬದಿಗಿಟ್ಟು ಒಂದು ಇನ್ನೂರು ಪುಟದ ನೋಟ್‌ಬುಕ್ ತಗೋ. ತಾರೀಖು ವಾರು ಬರೆಯುತ್ತ ಹೋಗು. ಪ್ರತಿ ತಾರೀಖಿನ ಮುಂದೆ ಎಷ್ಟು ಗಂಟೆಗೆ, ಯಾವ ನಂಬರಿಗೆ ಫೋನ್, ಎಷ್ಟು ನಿಮಿಷ ಮಾತು, ಯಾರು ಮಾತಾಡಿದರು, ಕಂಪ್ಲೇಂಟ್ ನಂಬರ್ ಏನು ಕೊಟ್ಟರು. ಆಮೇಲೆ ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆ. "ಸರಿಯಾಗಿ ಮಾತಾಡಲಿಲ್ಲ" ಅಂತ ಬರೆಯಬೇಡ, "ಸೋಮವಾರ ಬರ್ತಾರೆ ಅಂದರು" ಅಂತ ಬರೆ.

ಆಮೇಲೆ ಎಲ್ಲರೂ ಬಿಡುವ ಒಂದು ಮಾತು. ಅವರು ಸೋಮವಾರ ಅಂದರೆ ಸೋಮವಾರದ ತಾರೀಖಿಗೂ ಒಂದು ಸಾಲು ಬೇಕು. ಯಾರೂ ಬರದೇ ಇದ್ದರೆ "ಯಾರೂ ಬರಲಿಲ್ಲ, ಫೋನೂ ಬರಲಿಲ್ಲ, ದಿನವಿಡೀ ಮನೆಯಲ್ಲಿದ್ದೆವು" ಅಂತ ಬರೆ. ಜನ ಫೋನ್ ಮಾಡಿದ ದಿನ ಬರೆಯುತ್ತಾರೆ, ಏನೂ ಆಗದ ದಿನ ಬರೆಯುವುದಿಲ್ಲ. ಮಾತು ತಪ್ಪಿದ್ದು ಆ ಖಾಲಿ ದಿನವೇ ಅಲ್ವಾ?

ಬೀದರ್ ಬಿದರಿ · 18 ಏಪ್ರಿಲ್, ರಾತ್ರಿ 10.51

ಕಾಕಾ, ತಪ್ಪು ತಿಳಿಯಬೇಡಿ, ಆದರೆ ನಮ್ಮ ಕೈಯಿಂದ ನಾವೇ ಬರೆದುಕೊಂಡಿದ್ದಕ್ಕೆ ಬೆಲೆ ಏನು? ನಾಳೆ ನಾನೂ ನೂರು ಫೋನ್ ಮಾಡಿದೆ ಅಂತ ನೋಟ್‌ಬುಕ್ಕಲ್ಲಿ ಬರೆಯಬಹುದು. ಕಾಲ್ ರೆಕಾರ್ಡಿಂಗ್ ಇದ್ದರೆ ಮುಗೀತು, ಯಾರೂ ಏನೂ ಮಾತಾಡೋ ಹಾಗಿಲ್ಲ. ನಾನು ಎಲ್ಲಾ ಕಾಲ್ ರೆಕಾರ್ಡ್ ಮಾಡ್ತೀನಿ. ಅಕ್ಕಾ, ಇನ್ನು ಮುಂದೆ ರೆಕಾರ್ಡ್ ಮಾಡಿ ಸಾಕು, ಬರೆಯೋ ಕಷ್ಟ ಬೇಡ.

ಇನ್ನೊಂದು, ಆತುರ ಏನೂ ಇಲ್ಲ. ಗ್ರಾಹಕರ ಕೇಸಿಗೆ ಎರಡು ವರ್ಷ ಟೈಮ್ ಇದೆ, ಪ್ರತಿ ಸಲ ಹೊಸದಾಗಿ ಫೋನ್ ಮಾಡಿದಾಗ ಅದು ಮತ್ತೆ ಮೊದಲಿಂದ ಶುರು ಆಗುತ್ತೆ.

ಹಳೇ ಗುಮಾಸ್ತ · 18 ಏಪ್ರಿಲ್, ರಾತ್ರಿ 11.15

ತಮ್ಮಾ, ನಿನ್ನ ಮಾತಲ್ಲಿ ಅರ್ಧ ಸರಿ ಇದೆ. ಎರಡು ವರ್ಷ ಅನ್ನುವುದು ನಿಜ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಕಲಮು. ಆದರೆ ಅದು ತೊಂದರೆ ಹುಟ್ಟಿದ ದಿನದಿಂದ ಲೆಕ್ಕ. ನೀನು ಸುಮ್ನೆ ಫೋನ್ ಮಾಡುತ್ತಾ, ಕಾಗದ ಬರೆಯುತ್ತಾ ಹೋದರೆ ಅದು ಹಿಗ್ಗುವುದಿಲ್ಲ. ಇದನ್ನು ನಂಬಿ ಕೂತು ಮೂರನೇ ವರ್ಷ ನಮ್ಮ ಕಚೇರಿಗೆ ಬಂದವರಿದ್ದರು. ತಡವಾಗಿದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಆದರೆ ಮನ್ನಿಸಲೇಬೇಕು ಅಂತಿಲ್ಲ.

ಇನ್ನು ರೆಕಾರ್ಡಿಂಗ್. ಇದ್ದರೆ ಒಳ್ಳೆಯದು, ಬೇಡ ಅನ್ನುವುದಿಲ್ಲ. ಆದರೆ ಹತ್ತು ತಾಸಿನ ರೆಕಾರ್ಡಿಂಗ್ ಕೊಟ್ಟರೆ ಯಾರು ಕೂತು ಕೇಳುತ್ತಾರೆ? ಅದರಲ್ಲಿ ಅರ್ಧ, ಕಾಯಿಸುವಾಗ ಹಾಕುವ ಹಾಡೇ ಇರುತ್ತೆ. ಯಾವ ರೆಕಾರ್ಡಿಂಗಲ್ಲಿ ಯಾವ ಮಾತು ಇದೆ ಅಂತ ಹೇಳಲಿಕ್ಕಾದರೂ ತಾರೀಖಿನ ಪಟ್ಟಿ ಬೇಕು. ಎದುರಿನ ವಕೀಲರು ತಕರಾರು ತೆಗೆದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ಮಾತು ಬರುತ್ತೆ. ಫೋನ್ ಯಾರದು, ಫೈಲು ಹೇಗೆ ತೆಗೆದಿರಿ, ಎಲ್ಲ ಬರೆದು ಸಹಿ ಹಾಕಬೇಕಾಗುತ್ತೆ. ಅಂಥ ಹೊತ್ತಿಗೆ ಫೋನ್ ಬದಲಾಗಿ ಹಳೇದನ್ನು ಮಾರಿದ್ದರೆ ಕಷ್ಟ.

ನೋಟ್‌ಬುಕ್ಕಿಗೆ ಬೆಲೆ ಏನು ಅಂದೆಯಲ್ಲ. ಒಂಟಿಯಾಗಿ ಇದ್ದರೆ ಕಡಿಮೆಯೇ, ಒಪ್ಪುತ್ತೇನೆ. ಆದರೆ ಗ್ರಾಹಕರ ಆಯೋಗದಲ್ಲಿ ಕಟಕಟೆ, ಸವಾಲು ಜವಾಬು ಕಡಿಮೆ. ಅಫಿಡವಿಟ್ಟು ಮತ್ತು ಕಾಗದದ ಮೇಲೆಯೇ ಹೆಚ್ಚಾಗಿ ತೀರ್ಮಾನ. ನೀನು ಅಫಿಡವಿಟ್ಟಲ್ಲಿ "ಮಾರ್ಚ್ ಇಂಥ ತಾರೀಖು, ಬೆಳಿಗ್ಗೆ ಇಷ್ಟು ಗಂಟೆ" ಅಂತ ಹೇಳುತ್ತೀ, ಅದರ ಪಕ್ಕದಲ್ಲಿ ಅದೇ ದಿನ ಅದೇ ಹೊತ್ತಿಗೆ ಕಂಪನಿ ಕಳಿಸಿದ ಮೆಸೇಜ್ ಇರುತ್ತೆ. ಆಗ ಮೆಸೇಜ್ ಇಲ್ಲದ ಉಳಿದ ಸಾಲುಗಳನ್ನೂ ಓದುವವರು ನಂಬುತ್ತಾರೆ. ಪುಸ್ತಕದ ಕೆಲಸ ಅದು.

ಅಪ್ಪನಕೆರೆ ದಂಡೆ · 19 ಏಪ್ರಿಲ್, ಬೆಳಿಗ್ಗೆ 7.20

ಕಾಕಾ, ತುಂಬಾ ಉಪಕಾರ. ಆದರೆ ಒಂದು ತಿಂಗಳು ಕಳೆದಿದೆ. ನಾನು ಆಗ ಏನೂ ಬರೆದಿಟ್ಟಿಲ್ಲ. ಈಗ ಹಿಂದಿನ ತಾರೀಖು ಹಾಕಿ ಬರೆದರೆ ಸುಳ್ಳು ಆಗುವುದಿಲ್ಲವಾ?

ಹಳೇ ಗುಮಾಸ್ತ · 19 ಏಪ್ರಿಲ್, ಬೆಳಿಗ್ಗೆ 8.05

ಒಳ್ಳೇ ಪ್ರಶ್ನೆ ಕೇಳಿದೆ. ಹಿಂದಿನ ತಾರೀಖಿಗೆ ಬರೆದಂತೆ ತೋರಿಸಿದರೆ ಸುಳ್ಳೇ. ಮೊದಲ ಪುಟದ ಮೇಲೆ ಇವತ್ತಿನ ತಾರೀಖು ಹಾಕಿ, "ಇಲ್ಲಿಂದ ಮುಂದಿನದನ್ನು ಏಪ್ರಿಲ್ 19ರಂದು ಫೋನ್, ಮೆಸೇಜ್ ನೋಡಿ ಬರೆದದ್ದು" ಅಂತ ಬರೆ. ಫೋನಲ್ಲಿ ಸಿಕ್ಕಿದ್ದಕ್ಕೆ "ಕಾಲ್ ಪಟ್ಟಿ" ಅಥವಾ "ಮೆಸೇಜ್" ಅಂತ ಗುರುತು ಹಾಕು. ನೆನಪಿನಿಂದ ಬರೆದದ್ದಕ್ಕೆ "ನೆನಪು" ಅಂತ ಹಾಕು. ತಾರೀಖು ಗೊತ್ತಿಲ್ಲದಿದ್ದರೆ "ಯುಗಾದಿಗೆ ಎರಡು ಮೂರು ದಿನ ಮುಂಚೆ" ಅಂತ ಬರೆ, ಊಹೆ ಮಾಡಿ 27 ಅಂತ ಹಾಕಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಬ್ಬರು ಆರು ತಿಂಗಳ ಲೆಕ್ಕವನ್ನು ಒಂದೇ ರಾತ್ರಿ ಕೂತು, ಒಂದೇ ಪೆನ್ನಲ್ಲಿ, ಬಹಳ ಚೊಕ್ಕಟವಾಗಿ ಡೈರಿಯಲ್ಲಿ ಬರೆದು ತಂದಿದ್ದರು. ಜೂನ್ 4ರ ಸಾಲಿನಲ್ಲಿ ಒಂದು ಕಂಪ್ಲೇಂಟ್ ನಂಬರ್ ಬರೆದಿದ್ದರು. ಆ ನಂಬರ್ ಕಂಪನಿ ಕೊಟ್ಟಿದ್ದು ಜೂನ್ ಕೊನೆಯಲ್ಲಿ. ಎದುರಿನವರು ಅದೊಂದನ್ನೇ ಎತ್ತಿ ಹಿಡಿದರು. ಅವರಿಗೆ ತೊಂದರೆ ಆಗಿದ್ದು ನಿಜ, ಬರೆದದ್ದರಲ್ಲಿ ಬಹುಪಾಲು ನಿಜ, ಆದರೂ ಇಡೀ ಡೈರಿ ಮೇಲಿನ ನಂಬಿಕೆ ಹೋಯಿತು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆ. ಹಾಳೆ ಹರಿಯಬೇಡ, ವೈಟ್ನರ್ ಹಚ್ಚಬೇಡ.

ಮತ್ತೆ ಮೊದಲ ಕೆಲಸ ಇದು: ಫೋನಿನ ಕಾಲ್ ಪಟ್ಟಿಯ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡು. ಹಳೇ ಕರೆಗಳು ದಿನ ಕಳೆದಂತೆ ತಾನಾಗಿ ಅಳಿಸಿ ಹೋಗುತ್ತವೆ. ಕಂಪನಿ ನಂಬರ್ ಒತ್ತಿ ಹಿಡಿದು ಆ ನಂಬರಿನ ಎಲ್ಲ ಕರೆ ನೋಡಿದರೆ ತಾರೀಖು, ಗಂಟೆ, ಎಷ್ಟು ನಿಮಿಷ, ಎಲ್ಲ ಬರುತ್ತೆ.

ಹುಮನಾಬಾದ್ ಅಂಗಡಿ · 19 ಏಪ್ರಿಲ್, ಬೆಳಿಗ್ಗೆ 11.30

ನಮ್ಮದು ಫ್ರಿಜ್, ವಾಷಿಂಗ್ ಮಷಿನ್ ಮಾರುವ ಅಂಗಡಿ. ಈ ಕಡೆಯ ಮಾತನ್ನೂ ಹೇಳುತ್ತೇನೆ, ಮೇಡಂಗೆ ಉಪಯೋಗ ಆಗಬಹುದು.

ಕಾಲ್ ಸೆಂಟರಿನವರಿಗೆ ನಿಮ್ಮ ಕಥೆ ಕಾಣುವುದಿಲ್ಲ, ಕಂಪ್ಲೇಂಟ್ ನಂಬರ್ ಕಾಣುತ್ತೆ. ನಂಬರ್ ಕ್ಲೋಸ್ ಆದರೆ ಅವರ ಪಾಲಿಗೆ ತೊಂದರೆ ಮುಗಿದಂತೆ. ನೀವು ಮತ್ತೆ ಫೋನ್ ಮಾಡಿದರೆ ಹಳೇದನ್ನು ತೆರೆಯುವುದಿಲ್ಲ, ಹೊಸ ನಂಬರ್ ಹಾಕುತ್ತಾರೆ, ಹೊಸ ತಾರೀಖಿನ ಜೊತೆ. ಟೆಕ್ನಿಷಿಯನ್ ಮೇಲೆ ಇಷ್ಟು ದಿನದೊಳಗೆ ಕ್ಲೋಸ್ ಮಾಡಬೇಕು ಅಂತ ಒತ್ತಡ ಇರುತ್ತೆ. ಸಾಮಾನು ಬಂದಿಲ್ಲ, ದಿನ ಓಡುತ್ತಿದೆ, ಆಗ ಕೆಲವರು ಏನು ಮಾಡುತ್ತಾರೆ ಅಂದರೆ ನಿಮ್ಮ ಫೋನಿಗೆ ಬಂದ ಓಟಿಪಿ ಕೇಳುತ್ತಾರೆ. "ನಾನು ಬಂದು ಹೋಗಿದ್ದಕ್ಕೆ ಗುರುತು ಮೇಡಂ" ಅನ್ನುತ್ತಾರೆ. ಆ ಓಟಿಪಿ ಬಂದಿದ್ದಕ್ಕಲ್ಲ, ಕೆಲಸ ಮುಗಿಯಿತು ಅನ್ನುವುದಕ್ಕೆ. ಅಥವಾ "ಗ್ರಾಹಕರು ಸಿಗಲಿಲ್ಲ" ಅಂತ ಹಾಕಿ ಮುಚ್ಚುತ್ತಾರೆ. ಎಲ್ಲರೂ ಹೀಗೆ ಅಂತ ಅಲ್ಲ, ಒಳ್ಳೇ ಹುಡುಗರು ಬಹಳ ಇದ್ದಾರೆ. ಬಿಸಿಲಲ್ಲಿ ದಿನಕ್ಕೆ ಹತ್ತು ಮನೆ ಹತ್ತಿ ಇಳಿಯುತ್ತಾರೆ.

ಮೇಡಂ, ನೀವು ಓಟಿಪಿ ಕೊಟ್ಟಿದ್ದಿರಾ, ನೆನಪು ಮಾಡಿಕೊಳ್ಳಿ. ಮತ್ತೆ ಇವತ್ತು ಒಂದು ಫೋನ್ ಮಾಡಿ. ಜಗಳ ಬೇಡ. ಇಷ್ಟೇ ಕೇಳಿ: "ನನ್ನ ಮೊಬೈಲ್ ನಂಬರ್ ಮೇಲೆ ಒಟ್ಟು ಎಷ್ಟು ಕಂಪ್ಲೇಂಟ್ ಇವೆ? ಒಂದೊಂದರ ತಾರೀಖು ಹೇಳಿ. ಯಾವಾಗ ಕ್ಲೋಸ್ ಆಯಿತು, ರಿಮಾರ್ಕ್ ಏನು ಬರೆದಿದ್ದಾರೆ ಓದಿ." ಕೇಳಿದರೆ ಬಹಳ ಸಲ ಓದಿ ಹೇಳುತ್ತಾರೆ. ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ.

ಭಾಲ್ಕಿ ಸೋಯಾ · 19 ಏಪ್ರಿಲ್, ಮಧ್ಯಾಹ್ನ 1.15

ಇದನ್ನು ಓದಿ ಹೊಟ್ಟೆ ಉರಿಯಿತು. ನನ್ನದು ಫ್ರಿಜ್ ಅಲ್ಲ, ಬೆಳೆ ವಿಮೆ. ಹೋದ ಸೆಪ್ಟೆಂಬರ್‌ನಲ್ಲಿ ಸೋಯಾ ಹೊಲದಲ್ಲಿ ನೀರು ನಿಂತಿತು. 72 ತಾಸಿನೊಳಗೆ ತಿಳಿಸಬೇಕು ಅಂತ ಗೊತ್ತಿತ್ತು, ಎರಡನೇ ದಿನವೇ ಫೋನ್ ಮಾಡಿದೆ. ಆಕಡೆ ಹುಡುಗಿ ಎಲ್ಲ ಬರೆದುಕೊಂಡೆ ಅಂದಳು. ನಾನು ನಂಬರ್ ಕೇಳಲಿಲ್ಲ. ಹೊಲಕ್ಕೆ ಯಾರೂ ಬರಲಿಲ್ಲ. ಡಿಸೆಂಬರ್‌ನಲ್ಲಿ ಹೋಗಿ ಕೇಳಿದರೆ ನಿಮ್ಮ ಹೆಸರಲ್ಲಿ ಮಾಹಿತಿಯೇ ಬಂದಿಲ್ಲ ಅಂದರು. ಅಷ್ಟೊತ್ತಿಗೆ ಮಗ ಫೋನ್ ಬದಲಾಯಿಸಿಕೊಟ್ಟಿದ್ದ. ಹಳೇ ಕಾಲ್ ಒಂದೂ ಇಲ್ಲ. ಪಕ್ಕದ ಹೊಲದವರು ಅದೇ ದಿನ ಫೋನ್ ಮಾಡಿ ಅರ್ಜಿ ನಂಬರನ್ನು ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದರು, ಅವರಿಗೆ ದುಡ್ಡು ಬಂತು. ನನಗೆ ಈಗ ಏನಾದರೂ ದಾರಿ ಇದೆಯಾ ಕಾಕಾ?

ಹಳೇ ಗುಮಾಸ್ತ · 19 ಏಪ್ರಿಲ್, ಮಧ್ಯಾಹ್ನ 3.40

ಗೌಡರೇ, ನಿಮ್ಮದು ಗಟ್ಟಿ ಪ್ರಶ್ನೆ. ಹೋದ ಫೋನ್ ಎಲ್ಲಿದೆ? ಮನೆಯಲ್ಲಿ ಯಾರ ಹತ್ತಿರವಾದರೂ ಇದ್ದರೆ ಚಾರ್ಜ್ ಹಾಕಿ ನೋಡಿ, ಆ ಕಾಲ್ ಇನ್ನೂ ಕೂತಿರಬಹುದು. ಆ ದಿನ ನೀರು ನಿಂತ ಹೊಲದ ಫೋಟೋ ಮಗನ ವಾಟ್ಸಾಪ್‌ನಲ್ಲಿ ಇರಬಹುದು, ಅದಕ್ಕೂ ತಾರೀಖು ಇರುತ್ತೆ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿದ್ದರೆ ಅಲ್ಲಿ ಯಾರ ಹತ್ತಿರ ಮಾತಾಡಿದಿರಿ ನೆನಪು ಮಾಡಿ. ಇವು ಸಿಕ್ಕರೆ ಲಿಖಿತವಾಗಿ ವಿಮಾ ಕಂಪನಿಗೂ ಜಿಲ್ಲೆಯ ಕೃಷಿ ಅಧಿಕಾರಿಗೂ ಕೊಡಿ. ಸಿಗದಿದ್ದರೆ ಕಷ್ಟ ಇದೆ, ಸುಳ್ಳು ಭರವಸೆ ಕೊಡಲಾರೆ. ಇದಕ್ಕೆ ಬೇರೆಯಾಗಿ ಬರೆಯಿರಿ, ಈ ಕೆಲಸ ತಿಳಿದವರು ಇದ್ದಾರೆ, ಉತ್ತರ ಕೊಡುತ್ತಾರೆ.

ಅಪ್ಪನಕೆರೆ ದಂಡೆ · 20 ಏಪ್ರಿಲ್, ಸಂಜೆ 6.45

ಎರಡು ದಿನ ಕೂತು ಮಾಡಿದೆ. ನನ್ನ ಫೋನ್, ಯಜಮಾನರ ಫೋನ್ ಎರಡನ್ನೂ ತೆಗೆದು, ಅಪ್ಪಾಜಿಯನ್ನೂ ಕೂರಿಸಿಕೊಂಡು ಬರೆದೆ. ಒಟ್ಟು ಹದಿನಾಲ್ಕು ಸಾಲು ಆಯಿತು. ಮುಖ್ಯವಾದವನ್ನು ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ಹೇಳಿ.

ಮಾರ್ಚ್ 19, ಬುಧವಾರ, ಬೆಳಿಗ್ಗೆ 10.40. ಟೋಲ್ ಫ್ರೀ ನಂಬರಿಗೆ ನಾನು. 11 ನಿಮಿಷ. ಫ್ರೀಜರಲ್ಲಿ ಐಸ್ ಕಟ್ಟುತ್ತಿಲ್ಲ, ಕೆಳಗೆ ಹಾಲು ಒಡೆಯುತ್ತಿದೆ ಎಂದೆ. 48 ತಾಸಿನಲ್ಲಿ ಬರುತ್ತಾರೆ ಎಂದರು. 10.52ಕ್ಕೆ ಮೊದಲ ಕಂಪ್ಲೇಂಟ್ ನಂಬರ್ ಬಂತು. ಕಾಲ್ ಪಟ್ಟಿ, ಮೆಸೇಜ್.

ಮಾರ್ಚ್ 21, ಶುಕ್ರವಾರ. ಯಾರೂ ಬರಲಿಲ್ಲ. ನೆನಪು. ಮರುದಿನ ನಾನೇ ಫೋನ್ ಮಾಡಿದ್ದು ಕಾಲ್ ಪಟ್ಟಿಯಲ್ಲಿದೆ.

ಮಾರ್ಚ್ 24, ಸೋಮವಾರ, ಮಧ್ಯಾಹ್ನ. ಟೆಕ್ನಿಷಿಯನ್ ಬಂದರು. ಗ್ಯಾಸ್ ಲೀಕ್, ಕೂಲಿಂಗ್ ಕಾಯಿಲ್ ತರಿಸಬೇಕು, ಯುಗಾದಿ ಆದಮೇಲೆ ಹಾಕುತ್ತೇನೆ ಎಂದರು. ಓಟಿಪಿ ಕೇಳಿದರು, ಯಜಮಾನರು ಕೊಟ್ಟರು. ನೆನಪು. ಓಟಿಪಿ ಮೆಸೇಜ್ 1.22ಕ್ಕೆ ಇದೆ. 1.31ಕ್ಕೆ ಇನ್ನೊಂದು ಮೆಸೇಜ್: ನಿಮ್ಮ ದೂರು ಪರಿಹಾರವಾಗಿದೆ.

ಈ ಕೊನೇ ಮೆಸೇಜನ್ನು ನಾವು ಅವತ್ತು ನೋಡಿಯೇ ಇರಲಿಲ್ಲ. ಅಂಗಡಿಯವರು ಹೇಳಿದ್ದು ಅಕ್ಷರಶಃ ಹಾಗೇ ಆಗಿದೆ. ಟೆಕ್ನಿಷಿಯನ್ ಇನ್ನೂ ನಮ್ಮ ಬೀದಿ ದಾಟಿರಲಿಕ್ಕಿಲ್ಲ, ಅಷ್ಟರಲ್ಲಿ ಪರಿಹಾರ ಆಗಿಬಿಟ್ಟಿತ್ತು.

ಏಪ್ರಿಲ್ 2, ಬುಧವಾರ, 4.05. ನಾನು ಫೋನ್. 9 ನಿಮಿಷ. ಹಳೇದು ಕ್ಲೋಸ್ ಆಗಿದೆ, ಹೊಸದು ಹಾಕುತ್ತೇವೆ ಎಂದರು. ಎರಡನೇ ನಂಬರ್.

ಏಪ್ರಿಲ್ 9, ಬುಧವಾರ. ಎರಡನೇದೂ ಕ್ಲೋಸ್. ನನಗೆ ಇದರ ಮೆಸೇಜೂ ಬಂದಿಲ್ಲ. ನಿನ್ನೆ ಫೋನ್ ಮಾಡಿ ಕೇಳಿದಾಗ ರಿಮಾರ್ಕ್ ಓದಿದರು: ಗ್ರಾಹಕರು ಸಿಗಲಿಲ್ಲ. ಅವತ್ತು ಅಪ್ಪಾಜಿಗೆ ಜ್ವರ, ನಾವು ಮೂವರೂ ಮನೆಯಲ್ಲೇ ಇದ್ದೆವು. ಎರಡೂ ಫೋನಲ್ಲಿ ಅವತ್ತು ಒಂದು ಮಿಸ್ಡ್ ಕಾಲ್ ಕೂಡ ಇಲ್ಲ. ಸ್ಕ್ರೀನ್‌ಶಾಟ್ ತೆಗೆದಿದ್ದೇನೆ.

ಏಪ್ರಿಲ್ 15. ಮೂರನೇ ನಂಬರ್. 16ಕ್ಕೆ ಬಂದವರು 6,200 ಕೇಳಿದರು, ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.

ಎಲ್ಲ ಒಂದೇ ಕಡೆ ಬರೆದ ಮೇಲೆ ನನಗೇ ಬೇರೆ ಥರ ಕಾಣುತ್ತಿದೆ. ಇಷ್ಟು ದಿನ "ಅವರು ಸ್ಪಂದಿಸಲಿಲ್ಲ" ಅಂದುಕೊಂಡಿದ್ದೆ. ಅವರು ಸ್ಪಂದಿಸಿದ್ದಾರೆ. ಕೆಲಸ ಮಾಡದೆ ಎರಡು ಸಲ ಮುಗಿಯಿತು ಅಂತ ಬರೆದಿದ್ದಾರೆ. ನಾನು ಬರೆದಿದ್ದ ಎರಡು ಪುಟದಲ್ಲಿ ಈ ಮಾತೇ ಇರಲಿಲ್ಲ.

ಹಳೇ ಗುಮಾಸ್ತ · 20 ಏಪ್ರಿಲ್, ರಾತ್ರಿ 8.30

ಬಹಳ ಚೆನ್ನಾಗಿ ಮಾಡಿದೆ ತಂಗೀ. ಆ ಏಪ್ರಿಲ್ 9ರ ಸಾಲು ನೋಡು. ಮಿಸ್ಡ್ ಕಾಲ್ ಇಲ್ಲದೇ ಇರುವುದೇ ಅಲ್ಲಿ ದಾಖಲೆ. 24ರ ಸಾಲು ಇನ್ನೂ ಗಟ್ಟಿ. ಓಟಿಪಿಗೂ ಪರಿಹಾರಕ್ಕೂ ನಡುವೆ ಒಂಬತ್ತು ನಿಮಿಷ. ಸಾಮಾನು ತರಿಸಬೇಕಾದ ಗ್ಯಾಸ್ ಲೀಕ್ ಒಂಬತ್ತು ನಿಮಿಷದಲ್ಲಿ ಸರಿಯಾಗುವುದಿಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತೆ, ನೀನು ವಾದ ಮಾಡಬೇಕಿಲ್ಲ.

ಈಗಲೂ ಆಯೋಗಕ್ಕೆ ಹೋಗಬೇಡ. ಮೊದಲು ಕಂಪನಿಗೆ ಇಮೇಲ್. ವಾರಂಟಿ ಕಾರ್ಡ್ ಮೇಲೆ ಇರುವ ವಿಳಾಸಕ್ಕೆ. ಅಂಗಡಿಯವರಿಗೂ ಒಂದು ಪ್ರತಿ. ಒಂದು ಪುಟ ದಾಟಬಾರದು. ಮೂರು ನಂಬರ್, ಮೂರು ತಾರೀಖು, ಎರಡು ಸುಳ್ಳು ಕ್ಲೋಸ್, ನಿನಗೆ ಏನು ಬೇಕು, ಎಷ್ಟು ದಿನದೊಳಗೆ. ಪೂರ್ತಿ ಪಟ್ಟಿಯನ್ನು ಜೊತೆಗೆ ಲಗತ್ತಿಸು. ಬೈಗುಳ, ಸಂಕಟ ಯಾವುದೂ ಬೇಡ. ಇನ್ಸುಲಿನ್ ಬಿಲ್ ಇದ್ದರೆ ಸೇರಿಸು.

ಇಮೇಲ್ ಆದಮೇಲೆ ಅವರು ಫೋನ್ ಮಾಡುತ್ತಾರೆ. ಬರೆದು ಉತ್ತರ ಕೊಡುವುದು ಅವರಿಗೆ ಇಷ್ಟ ಇರುವುದಿಲ್ಲ. ಫೋನ್ ಇಟ್ಟ ತಕ್ಷಣ ಅದೇ ಇಮೇಲಿಗೆ ಒಂದು ಸಾಲು ಹಾಕು: "ಇವತ್ತು 11.20ಕ್ಕೆ ನಿಮ್ಮ ಕಡೆಯಿಂದ ಫೋನ್ ಬಂತು. ಶುಕ್ರವಾರದೊಳಗೆ ಉಚಿತವಾಗಿ ಕಾಯಿಲ್ ಹಾಕಿಕೊಡುತ್ತೇವೆ ಎಂದಿರಿ. ನಾನು ತಪ್ಪು ತಿಳಿದಿದ್ದರೆ ಉತ್ತರಿಸಿ." ಅವರು ಉತ್ತರಿಸದಿದ್ದರೂ ಬಾಯಿಮಾತು ಬರಹಕ್ಕೆ ಬಂದಂತೆ ಆಯಿತು. ನಾನು ಕಲಿತದ್ದರಲ್ಲಿ ಬಹಳ ಕೆಲಸಕ್ಕೆ ಬಂದದ್ದು ಇದೇ.

ಬೀದರ್ ಬಿದರಿ · 20 ಏಪ್ರಿಲ್, ರಾತ್ರಿ 9.02

ಕಾಕಾ, ಒಪ್ಪಿದೆ. ನನ್ನ ರೆಕಾರ್ಡಿಂಗ್‌ಗಳಿಗೆ ಹೆಸರೂ ಇಲ್ಲ ತಾರೀಖೂ ಇಲ್ಲ, ಈಗ ನೋಡಿದೆ, 340 ಫೈಲು ಇವೆ. ಹುಡುಕಲಿಕ್ಕೆ ಆಗಲ್ಲ.

ಆದರೆ ಟೆಕ್ನಿಷಿಯನ್ ಹೆಸರನ್ನು ಇಮೇಲಲ್ಲಿ ಹಾಕಬೇಕು ಅಂತ ನನಗೆ ಅನ್ನಿಸುತ್ತೆ. ಸುಳ್ಳು ಕ್ಲೋಸ್ ಮಾಡಿದವರು ಅವರೇ.

ಹುಮನಾಬಾದ್ ಅಂಗಡಿ · 20 ಏಪ್ರಿಲ್, ರಾತ್ರಿ 9.25

ಬೇಡ ತಮ್ಮಾ. ಹೆಸರು ಹಾಕಿದರೆ ಕಂಪನಿ ಆ ಹುಡುಗನನ್ನು ತೆಗೆದುಹಾಕಿ, ಕ್ರಮ ತಗೊಂಡಿದ್ದೇವೆ ಅಂತ ಉತ್ತರ ಕೊಡುತ್ತೆ. ಫ್ರಿಜ್ ಹಾಗೇ ಇರುತ್ತೆ. ಸಾಮಾನು ತಡವಾಗಿದ್ದು ಅವನ ತಪ್ಪಲ್ಲ.

ಹಳೇ ಗುಮಾಸ್ತ · 20 ಏಪ್ರಿಲ್, ರಾತ್ರಿ 9.50

ಪುಸ್ತಕದಲ್ಲಿ ಹೆಸರು ಇರಲಿ, ಇಮೇಲಲ್ಲಿ ಕಂಪ್ಲೇಂಟ್ ನಂಬರ್ ಸಾಕು ಅಂತ ನನ್ನ ಅಭಿಪ್ರಾಯ. ಬೇರೆಯವರು ಬೇರೆ ಹೇಳಬಹುದು. ಮುಂದೆ ಕಂಪನಿ ಯಾರೂ ಬಂದೇ ಇಲ್ಲ ಅಂದರೆ ಆಗ ಹೆಸರು ಬೇಕಾಗುತ್ತೆ.

ಬೀದರ್ ಬಿದರಿ · 20 ಏಪ್ರಿಲ್, ರಾತ್ರಿ 9.58

ನನಗೆ ಇನ್ನೂ ಸರಿ ಅನ್ನಿಸುತ್ತಿಲ್ಲ. ಇರಲಿ.

ಅಪ್ಪನಕೆರೆ ದಂಡೆ · 25 ಏಪ್ರಿಲ್, ಮಧ್ಯಾಹ್ನ 12.10

21ಕ್ಕೆ ಇಮೇಲ್ ಕಳಿಸಿದೆ. ಒಂದು ಪುಟ, ಜೊತೆಗೆ ಪಟ್ಟಿ, ಒಂಬತ್ತು ಸ್ಕ್ರೀನ್‌ಶಾಟ್. ನಿನ್ನೆ ಫೋನ್ ಬಂತು. ಈ ಸಲ ಬೇರೆ ಥರದ ದನಿ. ಮೇಡಂ, ಮೊದಲ ಕಂಪ್ಲೇಂಟ್ ಮಾರ್ಚ್ 19ಕ್ಕೆ ನೋಂದಣಿ ಆಗಿದೆ, ನಾವು ನೋಡಿದ್ದೇವೆ, ವಾರಂಟಿಯಲ್ಲೇ ಮಾಡಿಕೊಡುತ್ತೇವೆ, ಮೇ 2ರೊಳಗೆ ಕಾಯಿಲ್ ಬರುತ್ತೆ ಅಂದರು. ಫೋನ್ ಇಟ್ಟು ಐದು ನಿಮಿಷದಲ್ಲಿ ಕಾಕಾ ಹೇಳಿದ ಸಾಲು ಕಳಿಸಿದೆ. ಇವತ್ತು ಅದಕ್ಕೆ "ದೃಢೀಕರಿಸುತ್ತೇವೆ" ಅಂತ ಉತ್ತರವೇ ಬಂದಿದೆ! ಇನ್ಸುಲಿನ್ ಬಗ್ಗೆ ಮಾತ್ರ ಏನೂ ಹೇಳಲಿಲ್ಲ.

ಯಾದಗಿರಿ ಪ್ಯಾಸೆಂಜರ್ · 25 ಏಪ್ರಿಲ್, ಮಧ್ಯಾಹ್ನ 12.40

ಅಕ್ಕಾ, ಒಳ್ಳೇದಾಯಿತು. ಅಲ್ಲಿಯವರೆಗೆ ಇನ್ಸುಲಿನ್ ಎಲ್ಲಿಡುತ್ತೀರಿ? ನಮ್ಮ ಅವ್ವನಿಗೆ ಕರೆಂಟ್ ಹೋದಾಗ ಹೊಸ ಮಣ್ಣಿನ ಗಡಿಗೆಯಲ್ಲಿ ಇಡುತ್ತಿದ್ದೆವು, ಸುತ್ತ ಒದ್ದೆ ಬಟ್ಟೆ. ಡಾಕ್ಟರ್ ಹೇಳಿಕೊಟ್ಟಿದ್ದು.

ಅಪ್ಪನಕೆರೆ ದಂಡೆ · 25 ಏಪ್ರಿಲ್, ಮಧ್ಯಾಹ್ನ 12.55

ಪಕ್ಕದ ಮನೆಯವರ ಫ್ರಿಜ್‌ನಲ್ಲಿ ಇಟ್ಟಿದ್ದೇವೆ ಅಣ್ಣ. ಕೇಳಿದ್ದಕ್ಕೆ ಉಪಕಾರ.

ಅಪ್ಪನಕೆರೆ ದಂಡೆ · 3 ಮೇ, ಬೆಳಿಗ್ಗೆ 9.30

ನಿನ್ನೆ ಬಂದು ಕಾಯಿಲ್ ಹಾಕಿ ಗ್ಯಾಸ್ ತುಂಬಿ ಹೋದರು. ದುಡ್ಡು ತಗೊಳ್ಳಲಿಲ್ಲ. ಓಟಿಪಿ ಕೇಳಿದರು. ರಾತ್ರಿ ತನಕ ತಣ್ಣಗಾಗುವುದನ್ನು ನೋಡಿ ಕೊಡುತ್ತೇನೆ ಅಂದೆ. ಸ್ವಲ್ಪ ಮುಖ ಸಣ್ಣ ಮಾಡಿದರು, ಆದರೆ ಒಪ್ಪಿದರು. ಇವತ್ತು ಬೆಳಿಗ್ಗೆ ಐಸ್ ಕಟ್ಟಿತ್ತು. ಫೋನ್ ಮಾಡಿ ಕೊಟ್ಟೆ, ಅದನ್ನೂ ಬರೆದೆ.

ಇನ್ಸುಲಿನ್‌ಗೆ 1,140 ಕೇಳಿದ್ದಕ್ಕೆ ಬರಹದಲ್ಲಿ ಉತ್ತರ ಬಂದಿದೆ. ವಾರಂಟಿಯಲ್ಲಿ ಒಳಗಿಟ್ಟ ವಸ್ತುಗಳ ನಷ್ಟ ಸೇರುವುದಿಲ್ಲ ಅಂತ. ಕಾಕಾ, ಇದಕ್ಕೆ ಏನು?

ಹಳೇ ಗುಮಾಸ್ತ · 3 ಮೇ, ಬೆಳಿಗ್ಗೆ 10.45

ವಾರಂಟಿ ಕಾರ್ಡಲ್ಲಿ ಹಾಗೆ ಬರೆದಿರುತ್ತೆ, ನಿಜ. ಆದರೆ ನೀನು ಕೇಳುತ್ತಿರುವುದು ಫ್ರಿಜ್ ಕೆಟ್ಟಿದ್ದಕ್ಕಲ್ಲ, ಸುಳ್ಳು ಕ್ಲೋಸ್ ಮಾಡಿ ಆರು ವಾರ ಎಳೆದಿದ್ದಕ್ಕೆ. ಅದು ಸೇವೆಯ ಕೊರತೆ ಅಂತ ಕೇಳಬಹುದು. ಕೊಡುತ್ತಾರೆ ಅಂತ ಗ್ಯಾರಂಟಿ ಹೇಳಲಾರೆ. ಒಂದು ಮಾತು ಎದುರಿನವರು ಕೇಳೇ ಕೇಳುತ್ತಾರೆ: ಮಾರ್ಚ್ 19ಕ್ಕೇ ಫ್ರಿಜ್ ಕೆಟ್ಟಿದ್ದು ಗೊತ್ತಿದ್ದ ಮೇಲೆ ಇನ್ಸುಲಿನ್ ಅದರಲ್ಲಿ ಯಾಕೆ ಇಟ್ಟಿರಿ? ಅದು ಯಾವತ್ತು ಹಾಳಾಯಿತು, ನಿನ್ನ ಪುಸ್ತಕದಲ್ಲಿ ಇದೆಯಾ?

ಇನ್ನೊಂದು ದಾರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅವರು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ, ಆದರೆ ಕೊಡಲೇಬೇಕು ಅಂತ ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಆಯೋಗಕ್ಕೆ ಹೋದರೆ ಐದು ಲಕ್ಷದವರೆಗಿನ ಸಾಮಾನಿಗೆ ಶುಲ್ಕ ಇಲ್ಲ. ಆದರೆ ನಿನ್ನ ಓಡಾಟ ಇದೆ. 1,140ಕ್ಕೆ ಹೋಗಬೇಕಾ ಅನ್ನುವುದು ನೀವು ಮನೆಯವರು ಕೂತು ಯೋಚಿಸಬೇಕಾದ್ದು.

ಅಪ್ಪನಕೆರೆ ದಂಡೆ · 3 ಮೇ, ರಾತ್ರಿ 8.15

ಪುಸ್ತಕ ತೆಗೆದು ನೋಡಿದೆ. ಇನ್ಸುಲಿನ್ ಬಗ್ಗೆ ಒಂದೇ ಸಾಲು ಇದೆ, ಅದೂ ನೆನಪಿನಿಂದ ಬರೆದದ್ದು, ತಾರೀಖಿಲ್ಲ. 24ಕ್ಕೆ ಬಂದವರು "ಕೆಳಗಿನ ಖಾನೆ ಇನ್ನೂ ತಣ್ಣಗಿದೆ, ಔಷಧ ಇಡಬಹುದು" ಅಂದಿದ್ದರು ಅಂತ ಅಪ್ಪಾಜಿ ಹೇಳುತ್ತಾರೆ. ನನಗೆ ಅದು ಕೇಳಿದ ನೆನಪಿಲ್ಲ. ಯಜಮಾನರಿಗೂ ಇಲ್ಲ. ಅದಕ್ಕೆ "ಅಪ್ಪಾಜಿ ನೆನಪು, ಮೇ 3ರಂದು ಹೇಳಿದ್ದು" ಅಂತ ಹಾಗೇ ಬರೆದೆ.

ಸೋಮವಾರ 1915ಕ್ಕೆ ಫೋನ್ ಮಾಡುತ್ತೇನೆ.